ಎವೆ ಜನರ ಅಗ್‌ಬಾಡ್ಜಾ: ಗಂಟೆ, ಕಗನ್, ಕಿಡಿ ಮತ್ತು ಸೊಗೊ

ಪ್ರಶ್ನೆ: ಪಶ್ಚಿಮ ಆಫ್ರಿಕಾದ ಡ್ರಮ್ ಮೇಳ ಕೇಳುವಾಗ ಎಲ್ಲರೂ ಬೇರೆ ಬೇರೆ ತಾಳ ನುಡಿಸುತ್ತಿರುವಂತೆ ಅನಿಸುತ್ತದೆ. ಅವು ಹೇಗೆ ಕೂಡಿಕೊಳ್ಳುತ್ತವೆ? ಅಲ್ಲಿ ಯಾರು ಯಾರಿಗೆ ಉತ್ತರಿಸುತ್ತಾರೆ?

ಪಶ್ಚಿಮ ಆಫ್ರಿಕಾದ ಮೇಳಗಳೆಲ್ಲ ಒಂದೇ ರೀತಿಯಲ್ಲಿ ನಡೆಯುವುದಿಲ್ಲವಾದ್ದರಿಂದ, ಘಾನಾದ ಆಗ್ನೇಯ ಭಾಗ ಮತ್ತು ಟೋಗೋದಲ್ಲಿರುವ ಎವೆ ಜನರ ಅಗ್‌ಬಾಡ್ಜಾ ಎಂಬ ಕುಣಿತದ ಸಂಗೀತವೊಂದನ್ನೇ ಹಿಡಿದು ಹೇಳುತ್ತೇನೆ.

ಮೊದಲು ಗಂಕೋಗುಯಿ ಎಂಬ ಕಬ್ಬಿಣದ ಜೋಡಿ ಗಂಟೆಯನ್ನು ಕೇಳಿಸಿಕೊಳ್ಳಿ. ಹನ್ನೆರಡು ಸಮಾನ ಮಾತ್ರೆಗಳ ಒಂದು ಆವರ್ತದಲ್ಲಿ ಅದು ಏಳು ಪೆಟ್ಟು ಹಾಕುತ್ತದೆ: ಟಂ – ಟಿಂ – ಟಿಂ ಟಿಂ – ಟಿಂ – ಟಿಂ – ಟಿಂ. ಅಡ್ಡಗೆರೆಯಿರುವಲ್ಲಿ ಒಂದು ಮಾತ್ರೆ ಮೌನ. ಕುಣಿಯುವವರ ಹೆಜ್ಜೆ ಬೀಳುವುದು 1, 4, 7 ಮತ್ತು 10ನೆಯ ಮಾತ್ರೆಗಳ ಮೇಲೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ತಿಶ್ರ ನಡೆಯ ನಾಲ್ಕು ಎಣಿಕೆ. ಆದರೆ ಗಂಟೆ ಈ ನಾಲ್ಕರಲ್ಲಿ 1 ಮತ್ತು 10ರಲ್ಲಿ ಮಾತ್ರ ಹೆಜ್ಜೆಯನ್ನು ಕೂಡುತ್ತದೆ. ಅದರ ಮೊದಲ ಮೂರು ಪೆಟ್ಟುಗಳು ಬೆಸ ಮಾತ್ರೆಗಳಲ್ಲಿಯೂ ಉಳಿದ ನಾಲ್ಕು ಸರಿ ಮಾತ್ರೆಗಳಲ್ಲಿಯೂ ಬೀಳುವುದರಿಂದ, ಪ್ರತಿ ಆವರ್ತದ ನಡುವೆ ಅದು ಮಗ್ಗುಲು ಬದಲಿಸಿದಂತೆ ಕೇಳುತ್ತದೆ. ನಿಮಗೆ ಅನೇಕ ತಾಳಗಳಿರುವಂತೆ ಅನಿಸುವುದಕ್ಕೆ ಮುಖ್ಯ ಕಾರಣ ಇದೇ ಎಂದು ನನ್ನ ಅಭಿಪ್ರಾಯ. ವಾಸ್ತವವಾಗಿ ಆವರ್ತ ಒಂದೇ.

ಕಗನ್ ಎಂಬ ಚಿಕ್ಕ, ಏರು ದನಿಯ ಡ್ರಮ್ ಪ್ರತಿ ಹೆಜ್ಜೆಯನ್ನೂ ಬಿಟ್ಟು, ಅದರ ನಂತರದ ಎರಡು ಮಾತ್ರೆಗಳನ್ನು ಮಾತ್ರ ತುಂಬುತ್ತದೆ. ಹೊಸದಾಗಿ ಕೇಳುವವರು ಆ ಎರಡು ಪೆಟ್ಟುಗಳಲ್ಲಿ ಮೊದಲನೆಯದನ್ನೇ ಹೆಜ್ಜೆಯೆಂದು ಎಣಿಸಿಬಿಡುವುದು ಬಹಳ ಸುಲಭ. ಹಾಗಾಗಿದೆಯೇ ಎಂದು ತಿಳಿಯಲು ವಿಡಿಯೊದಲ್ಲಿ ಕುಣಿಯುವವರ ಪಾದಗಳನ್ನು ನೋಡಿ: ನಿಮ್ಮ ಚಪ್ಪಾಳೆ ಪ್ರತಿ ಸಲವೂ ಪಾದಕ್ಕಿಂತ ಒಂದು ಮಾತ್ರೆ ತಡವಾಗಿ ಬೀಳುತ್ತಿದ್ದರೆ ನೀವು ಕಗನ್‌ನ ಹಿಂದೆ ಹೋಗಿದ್ದೀರಿ.

ಸಂಭಾಷಣೆ ನಡೆಯುವುದು ಸೊಗೊ ಮತ್ತು ಕಿಡಿ ಎಂಬ ಎರಡು ಡ್ರಮ್‌ಗಳ ನಡುವೆ. ಅಗ್‌ಬಾಡ್ಜಾದಲ್ಲಿ ಸೊಗೊ ನಾಯಕ. ಅದು ಒಂದು ಪಲುಕನ್ನು ನುಡಿಸಿದಾಗ, ಆ ಪಲುಕಿಗೆಂದೇ ಗೊತ್ತಾಗಿರುವ ಉತ್ತರವನ್ನು ಕಿಡಿಯವರು ಹಿಡಿಯುತ್ತಾರೆ. ಉತ್ತರದ ಪೆಟ್ಟುಗಳಲ್ಲಿ ಕೋಲು ಚರ್ಮದಿಂದ ಪುಟಿದೇಳುವುದರಿಂದ ನಾದ ತೆರೆದಿರುತ್ತದೆ. ಉಳಿದೆಡೆ ಕೋಲನ್ನು ಚರ್ಮಕ್ಕೆ ಒತ್ತಿ ಹಿಡಿದು ಮುಚ್ಚಿದ, ಸಣ್ಣ ಸದ್ದು ತೆಗೆಯುತ್ತಾರೆ. ಕೈಗಳು ನಿಲ್ಲದಿದ್ದರೂ ಉತ್ತರವು ಬಿಡಿಯಾಗಿ ಕಿವಿಗೆ ಬೀಳುವುದು ಈ ವ್ಯತ್ಯಾಸದಿಂದಲೇ. ಕಿಡಿ ನೆಲೆನಿಂತ ಮೇಲೆ ಸೊಗೊ ತನ್ನ ಪಲುಕನ್ನು ಹಿಗ್ಗಿಸುತ್ತದೆ, ಮುರಿಯುತ್ತದೆ, ಕೆಲವೊಮ್ಮೆ ಉತ್ತರದ ಮೇಲೆಯೇ ನುಡಿಸುತ್ತದೆ. ಕಿಡಿ ಮಾತ್ರ ಕದಲುವುದಿಲ್ಲ. ನಾಯಕ ಹೊಸ ಪಲುಕಿಗೆ ತಿರುಗಿದಾಗಲೇ ಅದೂ ಉತ್ತರವನ್ನು ಬದಲಿಸುತ್ತದೆ. ಇವುಗಳ ಮೇಲೆ ಹಾಡಿನಲ್ಲಿಯೂ ಇದೇ ಕ್ರಮವಿದೆ: ಮುಂದಾಳು ಒಂದು ಸಾಲು ಹಾಡಿದರೆ ಗುಂಪು ಮರುನುಡಿಯುತ್ತದೆ.

ಆದ್ದರಿಂದ ಒಂದೇ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿ. ಗಂಟೆಯನ್ನು ಬಾಯಲ್ಲಿ ಹೇಳುತ್ತ ಪಾದದಲ್ಲಿ ನಾಲ್ಕು ಎಣಿಕೆ ಹಾಕಲು ಬಂದ ಬಳಿಕ ಕಿಡಿಯ ತೆರೆದ ಪೆಟ್ಟುಗಳನ್ನು ಹುಡುಕಿ. ಅವು ಗಂಟೆಯ ಯಾವ ಪೆಟ್ಟಿನ ಹತ್ತಿರ ಮೊದಲಾಗುತ್ತವೆ ಎಂದು ಗೊತ್ತಾದರೆ, ಸೊಗೊ ಯಾವಾಗ ಪ್ರಶ್ನೆ ಕೇಳುತ್ತಿದೆ, ಯಾವಾಗ ಉತ್ತರಕ್ಕೆ ಅಡ್ಡ ಬರುತ್ತಿದೆ ಎಂಬುದೂ ತಿಳಿಯತೊಡಗುತ್ತದೆ.