ಒಂದೇ ದಿನ ಎರಡು ಎನಿಮಾ: ಕಾಸರಗೋಡಿನ ಒಂದು ಮನೆಯ ಪ್ರಕರಣ

ಬದಿಯಡ್ಕ ಕಡೆಯ ಮನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಅತ್ತೆಗೆ ಎಪ್ಪತ್ತು ದಾಟಿದೆ. ಹೃದಯದ ಬಲ ಕಡಿಮೆ, ಕಿಡ್ನಿಯೂ ಅರ್ಧಂಬರ್ಧ, ನೀರು ಇಳಿಸುವ ಮಾತ್ರೆ ದಿನಾ ನುಂಗುತ್ತಾರೆ. ಮೊಣಕಾಲು ನೋವಿಗೆ ಮಂಗಳೂರಿನ ಡಾಕ್ಟರು ಟ್ರಮಡಾಲ್ ಕೊಟ್ಟಿದ್ದರು, ಜೊತೆಗೆ ರಕ್ತ ಕಡಿಮೆ ಅಂತ ಐರನ್ ಮಾತ್ರೆ. ಹೊಟ್ಟೆ ಕಟ್ಟೋದಕ್ಕೆ ಇವೆರಡೇ ಸಾಕು, ಅದರ ಮೇಲೆ ನೀರೂ ಅಳತೆ ಮಾಡಿ ಕುಡಿಯಬೇಕು.

ಫೋನ್ ಮಾಡಿದ್ದು ಸೊಸೆ, ಸಂಜೆ ಹೊತ್ತಿಗೆ. "ಅಕ್ಕಾ, ಅತ್ತೆ ಆರು ದಿನದಿಂದ ಸರಿಯಾಗಿ ಹೊರಗೆ ಹೋಗಿಲ್ಲ, ನಿನ್ನೆಯಿಂದ ಮಾತ್ರ ಸ್ವಲ್ಪ ಸ್ವಲ್ಪ ನೀರಿನ ಹಾಗೆ ಬಟ್ಟೆಯಲ್ಲೇ ಹೋಗ್ತಿದೆ. ಮೆಡಿಕಲ್‌ನಿಂದ ಎನಿಮಾ ತಂದು ಬೆಳಿಗ್ಗೆ ಒಂದು ಹಾಕಿದೆ, ಏನೂ ಬರಲಿಲ್ಲ. ಮಧ್ಯಾಹ್ನ ಇನ್ನೊಂದು ಹಾಕಿದೆ. ಅದೂ ವಾಪಸ್ ಬರಲಿಲ್ಲ. ಈಗ ಕೈಬೆರಳು ಜುಮ್ಮೆನ್ನುತ್ತೆ ಅಂತಾರೆ, ಮಾತಾಡಿಸಿದರೆ ಮಂಪರು. ಮೂರನೆಯದು ಹಾಕ್ಲಾ?"

ಬೇಡ ಅಂದೆ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಖಾಲಿ ಬಾಟಲಿಗಳನ್ನೂ ಮಾತ್ರೆ ಚೀಟಿಯನ್ನೂ ಕೈಯಲ್ಲೇ ಇಟ್ಟುಕೊಳ್ಳಿ, ಎರಡೂ ಒಳಗೇ ಉಳಿದಿವೆ ಅಂತ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ ಅಂದೆ. ಅಲ್ಲಿ ರಕ್ತ ನೋಡಿದಾಗ ಫಾಸ್ಫೇಟ್ ಏರಿತ್ತು, ಕ್ಯಾಲ್ಸಿಯಂ ಇಳಿದಿತ್ತು. ಆ ಜುಮ್ಮೆನ್ನುವಿಕೆಗೆ ಕಾರಣ ಅದೇ. ಕೆಲವು ದಿನ ಅಡ್ಮಿಟ್ ಆಗಿ ಸುಧಾರಿಸಿ ಮನೆಗೆ ಬಂದರು. ಆಮೇಲೆ ಸೊಸೆ ಎದುರು ಕೂತು ಕೇಳಿದ ಪ್ರಶ್ನೆಗಳು, ನಾನು ಹೇಳಿದ ಉತ್ತರಗಳು ಇಲ್ಲಿವೆ.

ಆಕೆಯ ಮೊದಲ ಮಾತು, "ಎನಿಮಾ ಅಂದ್ರೆ ಸುಮ್ನೆ ನೀರು ಅಲ್ವಾ?" ಅಲ್ಲ. ಅಂಗಡಿಯಲ್ಲಿ ಸಿಗುವ, ಮೂತಿ ಇರುವ ಸುಮಾರು 100 ಮಿ.ಲೀ. ಬಾಟಲಿಯಲ್ಲಿ ಹೆಚ್ಚಾಗಿ ಇರುವುದು ಸೋಡಿಯಂ ಫಾಸ್ಫೇಟ್, ಅಂದರೆ ಒಂದು ಬಗೆಯ ಗಟ್ಟಿ ಉಪ್ಪುನೀರು. ಅದು ಮೈಯ ನೀರನ್ನು ಕರುಳಿಗೆ ಎಳೆದು ಮಲವನ್ನು ತಳ್ಳುತ್ತದೆ. ಬೇಗ ಹೊರಗೆ ಬಂದರೆ ತೊಂದರೆ ಇಲ್ಲ. ಒಳಗೇ ಉಳಿದರೆ ಆ ಉಪ್ಪು ರಕ್ತಕ್ಕೆ ಸೇರುತ್ತದೆ, ಕಿಡ್ನಿ ಚೆನ್ನಾಗಿದ್ದರೆ ಹೊರಹಾಕುತ್ತದೆ, ಇಲ್ಲದಿದ್ದರೆ ಅಲ್ಲೇ ಕೂರುತ್ತದೆ. ಅದಕ್ಕೇ 24 ಗಂಟೆಯಲ್ಲಿ ಒಂದಕ್ಕಿಂತ ಜಾಸ್ತಿ ಯಾರಿಗೂ ಬೇಡ. ಹಾಕಿ ಅರ್ಧ ಗಂಟೆಯಲ್ಲಿ ಏನೂ ಬರದಿದ್ದರೆ ಇನ್ನೊಂದು ಹಾಕುವುದಲ್ಲ, ಡಾಕ್ಟರಿಗೆ ಫೋನ್ ಮಾಡುವುದು. ಕಿಡ್ನಿ ಕಾಯಿಲೆ, ಹೃದಯ ವೈಫಲ್ಯ, ಮೈಯಲ್ಲಿ ನೀರು ಕಡಿಮೆಯಾದವರು, ಇವರಿಗಂತೂ ಡಾಕ್ಟರು ಹೇಳದೆ ಈ ಬಾಟಲಿ ಮುಟ್ಟಲೇಬೇಡಿ. ವಯಸ್ಸಾದವರು ಮತ್ತು ನೀರು ಇಳಿಸುವ ಮಾತ್ರೆ, ಕೆಲವು ಬಿಪಿ ಮಾತ್ರೆ, ನೋವಿನ ಮಾತ್ರೆ ತಗೊಳ್ಳುವವರು ಮೊದಲು ಕೇಳಿಕೊಳ್ಳಬೇಕು. ಈ ಅತ್ತೆಗೆ ಇದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಇತ್ತು, ಆದರೆ ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ.

ಹಾಗಾದರೆ ಎರಡೂ ಯಾಕೆ ವಾಪಸ್ ಬರಲಿಲ್ಲ? ಆ ನೀರಿನಂಥ ಬೇಧಿಯೇ ಸುಳಿವು. ಕೆಳಗೆ ಮಲ ಕಲ್ಲಿನಂತೆ ಗಟ್ಟಿಯಾಗಿ ಅಡ್ಡ ಕೂತಾಗ ಮೇಲಿನ ತೆಳ್ಳಗಿನದ್ದು ಅದರ ಪಕ್ಕದಿಂದ ಜಾರಿ ಬರುತ್ತದೆ. ಮನೆಯವರು ಬೇಧಿ ಅಂದುಕೊಂಡು ಬೇಧಿ ನಿಲ್ಲಿಸುವ ಮಾತ್ರೆ ಕೊಟ್ಟ ಪ್ರಕರಣಗಳನ್ನೂ ನೋಡಿದ್ದೇನೆ. ಎನಿಮಾ ಈ ಗಟ್ಟಿ ತುಂಡನ್ನು ದಾಟಿ ಮೇಲೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಕೊನೆಗೆ ಆಸ್ಪತ್ರೆಯಲ್ಲಿ ಕೈಯಿಂದಲೇ ತೆಗೆದರು, ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಈಗ ಡಾಕ್ಟರು ನೋವಿನ ಮಾತ್ರೆ ಬದಲಿಸಿದ್ದಾರೆ, ರಾತ್ರಿ ಲ್ಯಾಕ್ಟುಲೋಸ್ ಸಿರಪ್ ಕೊಟ್ಟಿದ್ದಾರೆ, ಮೂರನೇ ದಿನವೂ ಹೋಗದಿದ್ದರೆ ಗ್ಲಿಸರಿನ್ ಸಪೊಸಿಟರಿ, ಅಂದರೆ ಗುದದೊಳಗೆ ಇಡುವ ಗುಳಿಗೆ, ಒಂದು ಇಡಿ ಅಂದಿದ್ದಾರೆ. ಇಸಬಗೋಲು ಕೊಡ್ಲಾ ಅಂತ ಸೊಸೆ ಕೇಳಿದಳು. ಅದಕ್ಕೆ ಚೆನ್ನಾಗಿ ನೀರು ಕುಡಿಯಬೇಕು, ನೀರಿಗೆ ಮಿತಿ ಇರುವವರಿಗೆ ಅದು ಒಳಗೇ ಗಟ್ಟಿಯಾಗಬಹುದು, ಬೇಡ ಅಂದೆ. ಮಿಲ್ಕ್ ಆಫ್ ಮೆಗ್ನೀಷಿಯಾವೂ ಕಿಡ್ನಿ ಸೋತವರಿಗೆ ಆಗದು.

ಗ್ಲಿಸರಿನ್ ಗುಳಿಗೆ ಕೆಲಸ ಮಾಡುವುದು ಇಟ್ಟ ಜಾಗದಲ್ಲೇ. ಗುದದ ಒಳಗೋಡೆಗೆ ತಾಗಿ ನೀರು ಎಳೆದು, ಅಲ್ಲಿ ಸ್ವಲ್ಪ ಕೆರಳಿಸಿ, ಹೋಗಬೇಕು ಅನ್ನುವ ಒತ್ತಡ ತರಿಸುತ್ತದೆ. ಆದ್ದರಿಂದ ಅದು ಮಲದೊಳಗೆ ಚುಚ್ಚಿಕೊಂಡರೆ ವ್ಯರ್ಥ, ಗೋಡೆಗೆ ತಾಗುವಂತೆ ಇಡಬೇಕು. ಬೆಳಗಿನ ಗಂಜಿ ಅಥವಾ ಚಾ ಆದಮೇಲೆ ಇಟ್ಟರೆ ಒಳ್ಳೆಯದು, ಹೊಟ್ಟೆಗೆ ಏನಾದರೂ ಬಿದ್ದಾಗ ಕರುಳು ತಾನಾಗಿ ಕದಲುತ್ತದೆ. ಕೈ ತೊಳೆದು ಗ್ಲೌಸ್ ಹಾಕಿ, ಕವರ್ ಪೂರ್ತಿ ಬಿಚ್ಚಿ (ಕವರ್ ಸಮೇತ ಇಟ್ಟವರೂ ಇದ್ದಾರೆ), ತುದಿಯನ್ನು ನೀರಿನಲ್ಲಿ ಅದ್ದಿ. ಎಡ ಮಗ್ಗುಲಿಗೆ ಮಲಗಿಸಿ, ಬಲ ಮೊಣಕಾಲು ಹೊಟ್ಟೆ ಕಡೆ ಮಡಿಸಿ, ಬೆರಳಿನಿಂದ ಸುಮಾರು ಒಂದು ಇಂಚು ಒಳಗೆ ತಳ್ಳಿ. ಬಿಗಿಯುವ ಸ್ನಾಯು ದಾಟದಿದ್ದರೆ ಜಾರಿ ಹೊರಗೆ ಬರುತ್ತದೆ. 15 ನಿಮಿಷ ಹಾಗೇ ಮಲಗಿರಲಿ, ಒಂದು ಗಂಟೆಯೊಳಗೆ ಹೋಗಬೇಕು ಅನ್ನಿಸುತ್ತದೆ. ಗುಳಿಗೆ ಪೂರ್ತಿ ಕರಗದೆ ಬಿದ್ದರೂ ಕೆಲಸ ಆಗಿರುತ್ತದೆ, ಅದಕ್ಕೆ ಇನ್ನೊಂದು ಇಡಬೇಡಿ. ವಯಸ್ಸಾದವರು ತಿಣುಕುವಾಗ ತಲೆ ತಿರುಗಿ ಬೀಳುತ್ತಾರೆ, ಬಾಗಿಲಿಗೆ ಚಿಲಕ ಹಾಕದೆ ಯಾರಾದರೂ ಹತ್ತಿರ ಇರಿ. ಕಮೋಡ್ ಆದರೆ ಕಾಲಡಿಗೆ ಒಂದು ಮಣೆ ಇಟ್ಟರೆ ಸಲೀಸು.

ದಿನಕ್ಕೆ ಒಂದು, ಅಷ್ಟೇ. ಒಂದು ವಾರಕ್ಕಿಂತ ಜಾಸ್ತಿ ಬೇಕಾದರೆ ಅದು ಗುಳಿಗೆಯ ವಿಷಯವಲ್ಲ, ಕಾರಣ ಹುಡುಕುವ ವಿಷಯ. ಹೊಟ್ಟೆ ಉಬ್ಬಿ ನೋವು, ವಾಂತಿ, ಗಾಳಿಯೂ ಹೋಗದೇ ಇರುವುದು, ಇದ್ದಕ್ಕಿದ್ದಂತೆ ರಕ್ತ, ಇವಿದ್ದರೆ ಕೆಳಗಿನಿಂದ ಏನನ್ನೂ ಇಡಬಾರದು, ಕರುಳು ಕಟ್ಟಿರಬಹುದು. ಇತ್ತೀಚೆಗೆ ಗುದದ ಆಪರೇಷನ್ ಆದವರಿಗೂ ಹಾಗೆಯೇ.

ಸೋಪುನೀರಿನ ಎನಿಮಾ ಹಿಂದೆ ಮನೆಯಲ್ಲಿ ಮಾಡುತ್ತಿದ್ದರಂತೆ, ಅತ್ತೆಯೇ ಹೇಳಿದರು. ಸೋಪು ಕರುಳಿನ ಪೊರೆಯನ್ನು ಸುಡುತ್ತದೆ, ಬಿಸಿ ನೀರು ಇನ್ನೂ ಕೆಟ್ಟದು. ಬೇಡವೇ ಬೇಡ.

ಆ ಮನೆಯಲ್ಲಿ ಒಂದೂವರೆ ವರ್ಷದ ಮಗುವೂ ಇದೆ. ಎರಡು ದಿನ ಹೋಗಿಲ್ಲ, ಅತ್ತೆಯ ಗುಳಿಗೆಯನ್ನೇ ಅರ್ಧ ಮಾಡಿ ಇಡ್ಲಾ ಅಂದಳು. ಇಲ್ಲ. ಮಕ್ಕಳಿಗೆ ಬೇರೆ ಚಿಕ್ಕ ಅಳತೆಯದ್ದಿದೆ, ಎರಡು ವರ್ಷದ ಒಳಗಿನವರಿಗೆ ಅದೂ ಡಾಕ್ಟರು ಹೇಳಿದರೆ ಮಾತ್ರ. ಫಾಸ್ಫೇಟ್ ಎನಿಮಾ ಆ ವಯಸ್ಸಿಗೆ ಯಾವತ್ತೂ ಇಲ್ಲ. ಮಗು ಹೊಟ್ಟೆ ತುಂಬಾ ಉಣ್ಣುತ್ತಿದೆ, ಆಡುತ್ತಿದೆ, ಮಲ ಮೆತ್ತಗಿದೆ ಅಂದರೆ ಎರಡು ದಿನ ದೊಡ್ಡ ವಿಷಯವೇ ಅಲ್ಲ.

ಎದ್ದು ಹೋಗುವಾಗ ಇನ್ನೊಂದು ಮಾತು ಕೇಳಿದಳು. ಪೆಟ್ಟಿಗೆಯಲ್ಲಿ ಒಂದು ಎನಿಮಾ ಬಾಟಲಿ ಉಳಿದಿದೆ, ಪಕ್ಕದ ಮನೆಯವರು ಕೇಳ್ತಿದ್ದಾರೆ, ಅವರ ಗಂಡನಿಗೆ ಕೀಮೋ ನಡೀತಿದೆ, ಹೊಟ್ಟೆ ಕಟ್ಟಿದೆ ಅಂತ. ಕೊಡಬೇಡಿ ಅಂದೆ. ಕೀಮೋದಲ್ಲಿ ಬಿಳಿರಕ್ತಕಣ, ಪ್ಲೇಟ್ಲೆಟ್ ಇಳಿದಿದ್ದರೆ ಗುದದಲ್ಲಿ ಒಂದು ಸಣ್ಣ ಗೀರು ಬಿದ್ದರೂ ಸೋಂಕು ರಕ್ತಕ್ಕೆ ಹೋಗಬಹುದು, ರಕ್ತಸ್ರಾವ ನಿಲ್ಲದೇ ಹೋಗಬಹುದು. ಎನಿಮಾವೂ ಬೇಡ, ಗುಳಿಗೆಯೂ ಬೇಡ, ಥರ್ಮಾಮೀಟರನ್ನೂ ಅಲ್ಲಿ ಇಡಬಾರದು, ಅವರ ಕೀಮೋ ಡಾಕ್ಟರಿಗೆ ಇವತ್ತೇ ಫೋನ್ ಮಾಡಲಿ ಅಂತ ಹೇಳಿ ಕಳಿಸಿದೆ. ಬಾಯಿಂದ ಕೊಡುವ ಔಷಧವನ್ನು ಅವರೇ ನೋಡಿ ಬರೆಯುತ್ತಾರೆ.