ಚೆಂಡು ವಿಕೆಟ್ ಕಿತ್ತ ಮೇಲೆ ಬ್ಯಾಟು ಬೀಸುವ ಟಿ.ವಿ.

ಪ್ರಶ್ನೆ: ದಸರಾ ರಜೆಗೆ ಮನೆಯಲ್ಲಿ ಮಕ್ಕಳು ಸೇರಿದ್ದಾರೆ. ಮೊಬೈಲ್‌ನ ಕ್ರಿಕೆಟ್ ಆಟವನ್ನು ಟಿ.ವಿ.ಗೆ ಕಾಸ್ಟ್ ಮಾಡಿಕೊಂಡು, ಟಿ.ವಿ. ನೋಡುತ್ತಲೇ ಆಡುತ್ತಾರೆ. ಬೆರಳು ಒತ್ತಿದ ಎಷ್ಟೋ ಹೊತ್ತಿಗೆ ಬ್ಯಾಟು ಬೀಸುತ್ತದೆ, ಅಷ್ಟರಲ್ಲಿ ಔಟ್. ಹೆಚ್ಚು ವೇಗದ ಇಂಟರ್‌ನೆಟ್ ಪ್ಲ್ಯಾನ್ ಹಾಕಿಸಿದರೂ ಅಷ್ಟೇ. ಕೇಬಲ್ ತಂದರೆ ಸರಿಹೋಗುತ್ತದೆಯೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಕೇಬಲ್‌ನಿಂದ ಸರಿಹೋಗುತ್ತದೆ, ನಿಮ್ಮ ಮೊಬೈಲ್ ಅದಕ್ಕೆ ಒಪ್ಪಿದರೆ. ಪ್ಲ್ಯಾನ್‌ಗೆ ಹಾಕಿದ ಹಣ ಮಾತ್ರ ಈ ತೊಂದರೆಯ ಮಟ್ಟಿಗೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಕಾಸ್ಟ್ ಮಾಡಿದ ಚಿತ್ರ ಇಂಟರ್‌ನೆಟ್‌ಗೆ ಹೋಗಿ ಬರುವುದಿಲ್ಲ, ಮನೆಯ ನಾಲ್ಕು ಗೋಡೆಗಳ ಒಳಗೇ ಓಡಾಡುತ್ತದೆ. ತಡವಾಗುವುದೂ ಅಲ್ಲೇ.

ಕೊಳ್ಳುವ ಮೊದಲು ಅಳೆಯಿರಿ. ಕಳೆದ ತಿಂಗಳು ಮೈಸೂರಿನ ಸರಸ್ವತಿಪುರಂನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಅವಳ ಮಗ, ‘ಮಾವ, ಟಿ.ವಿ. ಕೆಟ್ಟಿದೆ’ ಎಂದು ಇದೇ ದೂರು ಹೇಳಿದ. ಅವನ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಓಡಲು ಬಿಟ್ಟು, ಅದನ್ನೇ ಟಿ.ವಿ.ಗೆ ಕಾಸ್ಟ್ ಮಾಡಿ, ಎರಡೂ ಪರದೆ ಒಂದೇ ಚೌಕಟ್ಟಿಗೆ ಬರುವಂತೆ ನನ್ನ ಮೊಬೈಲ್‌ನಿಂದ ಫೋಟೊ ತೆಗೆದೆ. ಅವನ ಮೊಬೈಲ್ 12.84 ತೋರಿಸುತ್ತಿತ್ತು, ಟಿ.ವಿ. ಇನ್ನೂ 12.61ರಲ್ಲಿತ್ತು. ವ್ಯತ್ಯಾಸ 0.23 ಸೆಕೆಂಡ್. ಕೇಳಲು ಏನೂ ಅಲ್ಲ ಎನಿಸಬಹುದು. ಆದರೆ ಗಂಟೆಗೆ 130 ಕಿ.ಮೀ. ವೇಗದ ಚೆಂಡು ಅಷ್ಟರಲ್ಲಿ ಎಂಟು ಮೀಟರ್ ದಾಟಿರುತ್ತದೆ. ಎರಡು ಕ್ರೀಸ್‌ಗಳ ನಡುವೆ ಇರುವುದೇ ಹದಿನೇಳೂವರೆ ಮೀಟರ್ ಚಿಲ್ಲರೆ. ಹುಡುಗನ ಕಣ್ಣಿಗೆ ಚೆಂಡು ಪಿಚ್ಚಿನ ನಡುವೆ ಕಾಣುವ ಹೊತ್ತಿಗೆ, ಆಟದ ಲೆಕ್ಕದಲ್ಲಿ ಅದು ಬ್ಯಾಟಿನ ಹತ್ತಿರ ಬಂದಾಗಿದೆ.

ಇನ್ನೂ ನಾಲ್ಕು ಫೋಟೊ ತೆಗೆದೆ. 0.19, 0.31, 0.22, 0.27 ಬಂತು. ನಿಜವಾದ ಕಾಟ ಇಲ್ಲಿದೆ. ತಡ ಯಾವಾಗಲೂ 0.23 ಎಂದಿದ್ದರೆ ಹತ್ತು ಓವರ್‌ನೊಳಗೆ ಮಕ್ಕಳ ಕೈ ತಾನಾಗಿ ಮುಂಚೆ ಒತ್ತಲು ಕಲಿತುಬಿಡುತ್ತಿತ್ತು. ತಾಳಕ್ಕೆ ಸರಿಯಾಗಿ ಬೆರಳು ಒತ್ತುವ ಸಂಗೀತದ ಆಟಗಳಲ್ಲಂತೂ ಇಂತಿಷ್ಟು ತಡವೆಂದು ಹೊಂದಿಸಿಕೊಳ್ಳುವ ಸೆಟ್ಟಿಂಗೇ ಇರುತ್ತದೆ. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗುವ ತಡಕ್ಕೆ ಅಭ್ಯಾಸವೂ ಇಲ್ಲ, ಸೆಟ್ಟಿಂಗೂ ಇಲ್ಲ.

ಈ ಕಾಲು ಸೆಕೆಂಡನ್ನು ತಿನ್ನುವವರು ಹಲವರು. ಮೊಬೈಲ್ ತನ್ನ ಪರದೆಯ ಪ್ರತಿ ಚಿತ್ರವನ್ನೂ ವಿಡಿಯೊ ಮಾಡಿ ಕುಗ್ಗಿಸಬೇಕು. ಅದು ವೈಫೈ ಮೂಲಕ ರೌಟರ್‌ಗೆ ಹೋಗಿ, ಅಲ್ಲಿಂದ ಮತ್ತೆ ವೈಫೈ ಮೂಲಕ ಟಿ.ವಿ.ಗೆ ಬರಬೇಕು. ದಾರಿಯಲ್ಲಿ ತುಣುಕುಗಳು ತಡವಾದರೆ ಚಿತ್ರ ತಡವರಿಸಬಾರದೆಂದು ಟಿ.ವಿ. ಕೆಲವು ಚಿತ್ರಗಳನ್ನು ಕೂಡಿಟ್ಟುಕೊಂಡು ಆಮೇಲೆ ಬಿಡುತ್ತದೆ. ಸಿನಿಮಾ ನೋಡುವವರಿಗೆ ಇದು ಉಪಕಾರ, ಬ್ಯಾಟ್ ಹಿಡಿದವನಿಗೆ ಅಪಕಾರ. ಕೊನೆಗೆ ಟಿ.ವಿ.ಯೇ ಬಣ್ಣ ತಿದ್ದಿ, ಚಲನೆಯನ್ನು ನಯಗೊಳಿಸಿ ತೋರಿಸುತ್ತದೆ. ಆ ಶೃಂಗಾರಕ್ಕೂ ಸಮಯ ಬೇಕು.

ದುಡ್ಡಿಲ್ಲದೆ ಆಗುವ ಕೆಲಸ ಎರಡಿವೆ. ಮೊಬೈಲ್ ಮತ್ತು ಟಿ.ವಿ. ಎರಡನ್ನೂ ರೌಟರ್‌ನ 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ; ಅಕ್ಕಪಕ್ಕದ ಮನೆಗಳ ವೈಫೈ ಎಲ್ಲವೂ 2.4ರಲ್ಲಿ ನೂಕುನುಗ್ಗಲು ಮಾಡುತ್ತಿರುತ್ತದೆ. ಎರಡನೆಯದು, ಟಿ.ವಿ.ಯ ಚಿತ್ರದ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕುವುದು. ಬಣ್ಣ ತುಸು ಸಪ್ಪೆಯಾದೀತು, ಶೃಂಗಾರದ ಸಮಯ ಉಳಿಯುತ್ತದೆ. ಅಕ್ಕನ ಮನೆಯಲ್ಲಿ ಕಾಸ್ಟ್ ಮಾಡಲು ಎಚ್‌ಡಿಎಂಐ ಕಿಂಡಿಗೆ ಚುಚ್ಚಿದ ಸ್ಟಿಕ್ ಇತ್ತು, ಹಾಗಾಗಿ ಗೇಮ್ ಮೋಡ್ ಅದಕ್ಕೆ ಅನ್ವಯವಾಯಿತು. ಟಿ.ವಿ.ಯೊಳಗೇ ಕಾಸ್ಟ್ ಸೌಲಭ್ಯ ಇದ್ದರೆ ಎಷ್ಟೋ ಮಾದರಿಗಳಲ್ಲಿ ಈ ಆಯ್ಕೆ ಸಿಗುವುದೇ ಇಲ್ಲ. ಎರಡನ್ನೂ ಮಾಡಿದ ಮೇಲೆ 0.16ರ ಆಸುಪಾಸಿಗೆ ಇಳಿಯಿತು, ಏರಿಳಿತವೂ ತಗ್ಗಿತು. ಕೇರಂ, ಲೂಡೊ, ಚದುರಂಗಕ್ಕೆ ಇಷ್ಟು ಧಾರಾಳ. ವೇಗದ ಬೌಲಿಂಗ್‌ಗೆ ಸಾಲದು.

ಆಮೇಲೆ ನನ್ನ ಮೊಬೈಲ್‌ಗೆ ಕೇಬಲ್ ಹಾಕಿ ಅಳೆದೆವು, ಟಿ.ವಿ. ಗೇಮ್ ಮೋಡ್‌ನಲ್ಲೇ ಇತ್ತು. 0.03 ಬಂತು. ಸ್ಟಾಪ್‌ವಾಚ್‌ನ ಅಂಕಿ ಪರದೆಯ ಮೇಲೆ ಬದಲಾಗುವುದೇ ಸೆಕೆಂಡಿಗೆ ಅರವತ್ತು ಸಲ, ಅಂದರೆ ಇದಕ್ಕಿಂತ ಸೂಕ್ಷ್ಮವಾಗಿ ಈ ವಿಧಾನದಲ್ಲಿ ಅಳೆಯಲು ಬರುವುದಿಲ್ಲ. ಹುಡುಗ ಮೊದಲ ಚೆಂಡನ್ನೇ ಬೌಂಡರಿಗೆ ಅಟ್ಟಿದ. ತಂತಿಯಲ್ಲಿ ಚಿತ್ರವನ್ನು ಕುಗ್ಗಿಸುವ, ಕೂಡಿಡುವ ಗೊಡವೆ ಇಲ್ಲದಿರುವುದೇ ಇದಕ್ಕೆ ಕಾರಣ. ತಂತಿ ಉದ್ದವಿದ್ದರೆ ತಡವಾಗುತ್ತದೆ ಎಂಬುದು ಸುಳ್ಳು. ಒಂದು ಮೀಟರ್, ಐದು ಮೀಟರ್ ಎರಡೂ ಆಟಕ್ಕೆ ಒಂದೇ.

ಈಗ ತೊಡಕಿನ ವಿಷಯ. ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ಅದರಿಂದ ಚಿತ್ರ ಹೊರಬರುತ್ತದೆ ಎಂದಲ್ಲ. ಅದಕ್ಕೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ಸೌಲಭ್ಯ ಬೇಕು. ಕಡಿಮೆ ಬೆಲೆಯ ಬಹುಪಾಲು ಮೊಬೈಲ್‌ಗಳ ಕಿಂಡಿ ಚಾರ್ಜ್ ಮಾಡಲು, ಫೈಲ್ ಸಾಗಿಸಲು ಮಾತ್ರ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್ ಸರಣಿಯ ಮುಖ್ಯ ಮಾದರಿಗಳಲ್ಲಿ, ಐಫೋನ್ 15ರ ಎಲ್ಲ ಮಾದರಿಗಳಲ್ಲಿ ಇದು ಇದೆ. ಹಳೆಯ ಐಫೋನ್‌ನ ಲೈಟ್ನಿಂಗ್ ಅಡಾಪ್ಟರ್ ತಂತಿಯೇ ಆದರೂ ಒಳಗೆ ಚಿತ್ರವನ್ನು ಕುಗ್ಗಿಸಿ ಬಿಡಿಸುವಂಥದ್ದು, ಹಾಗಾಗಿ ಸ್ವಲ್ಪ ತಡ ಉಳಿಯುತ್ತದೆ. ನಿಮ್ಮ ಮೊಬೈಲ್‌ನ ವಿವರಪಟ್ಟಿಯಲ್ಲಿ ಯುಎಸ್‌ಬಿ 2.0 ಎಂದಷ್ಟೇ ಇದ್ದು, ಡಿಸ್‌ಪ್ಲೇಪೋರ್ಟ್ ಎಂಬ ಪದ ಎಲ್ಲೂ ಕಾಣದಿದ್ದರೆ ಆಸೆ ಬಿಡುವುದೇ ಲೇಸು.

ಅಂಥ ಮೊಬೈಲ್‌ಗೂ ‘ಇದು ಆಗುತ್ತದೆ ಸಾರ್’ ಎಂದು ಅಂಗಡಿಯವರು ಒಂದು ಕೇಬಲ್ ಕೊಟ್ಟಾರು. ಚುಚ್ಚಿದೊಡನೆ ಟಿ.ವಿ.ಯಲ್ಲಿ ಕ್ಯೂಆರ್ ಕೋಡ್ ಬಂದು ಆ್ಯಪ್ ಹಾಕಿಕೊಳ್ಳಲು ಹೇಳಿದರೆ ಹಿಂದಿರುಗಿಸಿ. ಅದು ಕಾಸ್ಟ್ ಮಾಡುವ ಕೆಲಸವನ್ನೇ ತಂತಿಯ ಮೇಲೆ ಮಾಡುವ ಸಾಮಾನು, ತಡವೂ ಬೆನ್ನಿಗೇ ಬರುತ್ತದೆ. ಸರಿಯಾದ ಅಡಾಪ್ಟರ್‌ಗೆ ಆ್ಯಪ್ ಬೇಡ. ಚುಚ್ಚಿದ ಕೆಲವು ಸೆಕೆಂಡಿನಲ್ಲಿ ಮೊಬೈಲ್ ಪರದೆ ಟಿ.ವಿ.ಯಲ್ಲಿ ಮೂಡುತ್ತದೆ. ದುಡ್ಡು ಕೊಡುವ ಮೊದಲು ಅಂಗಡಿಯ ಟಿ.ವಿ.ಗೇ ಹಾಕಿ ನೋಡಿ. ಚಾರ್ಜರ್ ಚುಚ್ಚಲು ಇನ್ನೊಂದು ಕಿಂಡಿ ಇರುವ ಅಡಾಪ್ಟರನ್ನೇ ಕೇಳಿ, ಇಲ್ಲದಿದ್ದರೆ ಎರಡನೇ ಇನ್ನಿಂಗ್ಸ್‌ಗೆ ಬ್ಯಾಟರಿ ಇರುವುದಿಲ್ಲ.

ನಿಮ್ಮ ಮೊಬೈಲ್ ಒಪ್ಪದಿದ್ದರೆ ಒಂದು ಸುಲಭದ ದಾರಿ ಉಳಿದಿದೆ. ಬ್ಯಾಟ್ ಮಾಡುವವನು ಮೊಬೈಲ್ ಪರದೆಯನ್ನೇ ನೋಡಿ ಆಡಲಿ, ಉಳಿದವರು ಟಿ.ವಿ. ನೋಡಲಿ. ಕಾಲು ಸೆಕೆಂಡ್ ಹಿಂದಿದ್ದರೆ ನೋಡುಗರಿಗೆ ನಷ್ಟವಿಲ್ಲ. ಆದರೆ ಕಾಸ್ಟ್ ಮಾಡಿದಾಗ ಸದ್ದು ಟಿ.ವಿ.ಗೆ ಹೋಗಿ, ಚೆಂಡು ಹೊಡೆದ ಮೇಲೆ ‘ಟಪ್’ ಎಂದು ಕೇಳಿ ಆಡುವವನ ಲಯ ತಪ್ಪಿಸುತ್ತದೆ. ಆಗ ಟಿ.ವಿ.ಯ ಸದ್ದನ್ನು ಪೂರ್ತಿ ಇಳಿಸಿಬಿಡಿ. ಮಕ್ಕಳ ಕೂಗಾಟದಲ್ಲಿ ಅದು ಹೇಗೂ ಕೇಳುತ್ತಿರಲಿಲ್ಲ.