ಬೆರಳಿಗೂ ಡಬ್ಬಿಗೂ ನಡುವಿನ ಸಂದು ಕಟ್ ಮಾಡುವುದು

ಪ್ರಶ್ನೆ: ಪುಣೆಯಲ್ಲಿ ಗೋಡಾ ಮಸಾಲೆ ಮಾರುವವರೊಬ್ಬರಿಗೆ ಫೋಟೊ ಎಡಿಟ್ ಮಾಡ್ತಿದ್ದೀನಿ. ಕೈಯಲ್ಲಿ ಡಬ್ಬಿ ಹಿಡಿದಿರೋ ಫೋಟೊ, ಹಿಂದೆ ಹಸಿರು ಗೋಡೆ. ಬಿಳಿ ಬ್ಯಾಕ್‌ಗ್ರೌಂಡ್ ಬೇಕಂತೆ. ಫೋಟೊಶಾಪ್‌ನಲ್ಲಿ ಹೊರಗಿನ ಅಂಚು ಹೇಗೋ ಆಗುತ್ತೆ. ಆದ್ರೆ ಸಂದುಗಳಲ್ಲಿ ಹಸಿರು ಉಳಿಯುತ್ತೆ, ಇಲ್ಲಾ ಬೆರಳು ಅಂಟಿಸಿದ ಹಾಗೆ ಕಾಣುತ್ತೆ. ಏನ್ ಮಾಡ್ಬೇಕು?

ಉತ್ತರ:

ಪೆನ್ ಟೂಲ್ ಮುಟ್ಟುವ ಮೊದಲು ಯಾವುದು ಸಂದು, ಯಾವುದು ನೆರಳು ಅಂತ ತೀರ್ಮಾನ ಮಾಡಿಕೊಳ್ಳಿ. ಬೆರಳು ಡಬ್ಬಿಗೆ ತಾಗುವ ಕಡೆ ಒಂದು ಕಪ್ಪು ಗೆರೆ ಇರುತ್ತದೆ. ಎಷ್ಟೋ ಜನ ಅದನ್ನೇ ಸಂದು ಅಂದುಕೊಂಡು ಕತ್ತರಿಸಿಬಿಡುತ್ತಾರೆ. ಆ ನೆರಳು ಹೋಯಿತೆಂದರೆ ಬೆರಳು ಡಬ್ಬಿಯನ್ನು ಹಿಡಿದ ಹಾಗೆ ಕಾಣುವುದೇ ಇಲ್ಲ. ನೀವು ಹೇಳುವ ಅಂಟಿಸಿದ ನೋಟಕ್ಕೆ ಹೆಚ್ಚಾಗಿ ಇದೇ ಕಾರಣ. ಮೇಲೊಂದು Curves ಲೇಯರ್ ಹಾಕಿ, ಅದರ ಗ್ರಾಫ್‌ನಲ್ಲಿರುವ ಗೆರೆಯ ನಡುಭಾಗವನ್ನು ಚೆನ್ನಾಗಿ ಮೇಲಕ್ಕೆ ಎಳೆದು ನೋಡಿ. ಕಪ್ಪಿನೊಳಗಿಂದ ಗೋಡೆಯ ಹಸಿರು ಎದ್ದುಬಂದರೆ ಅದು ಸಂದು. ಚರ್ಮದ ಕೆಂಪುಗಂದು ಅಥವಾ ಲೇಬಲ್ಲಿನ ಬಣ್ಣ ಬಂದರೆ ಅದು ನೆರಳು, ಮುಟ್ಟಬೇಡಿ. ಪಾತ್ ಎಳೆದು ಮುಗಿಯುವವರೆಗೂ ಈ ಲೇಯರ್ ಆನ್ ಇರಲಿ, ಆಮೇಲೆ ತೆಗೆದುಹಾಕಿ.

ಮೂರು ಪಾತ್‌ಗಳನ್ನು ಬೇರೆ ಬೇರೆ ಎಳೆದು Paths ಪ್ಯಾನೆಲ್‌ನಲ್ಲಿ ಉಳಿಸಿ: ಕೈ, ಡಬ್ಬಿ, ಸಂದು. ಒಂದೇ ಪಾತ್‌ನಲ್ಲಿ ಎಲ್ಲವನ್ನೂ ಸುತ್ತಿದರೆ ಡಬ್ಬಿಯ ಗಟ್ಟಿ ಅಂಚಿಗೂ ಚರ್ಮದ ಮೆತ್ತನೆ ಅಂಚಿಗೂ ಒಂದೇ ಲೆಕ್ಕವಾಗಿಬಿಡುತ್ತದೆ. ಕೈಯ ಪಾತ್ ಡಬ್ಬಿಯ ಮೇಲೆ ಧಾರಾಳವಾಗಿ ಹತ್ತಲಿ, ಒಳಗೆ ಎರಡೂ ಒಂದರ ಮೇಲೊಂದು ಬೀಳಬೇಕು. ಬರೀ ಅಂಚಿಗೆ ಅಂಚು ತಾಗಿಸಿದರೆ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಇಣುಕುತ್ತದೆ.

ಬೆರಳಿನ ತುದಿಗೆ ಮೂರು ನಾಲ್ಕು ಪಾಯಿಂಟ್ ಸಾಕು. ಆದರೆ ಗೆಣ್ಣಿನ ಮಡಿಕೆ ಬರುವ ಕಡೆ ಅಂಚು ಸ್ವಲ್ಪ ಒಳಕ್ಕೆ ತಗ್ಗಿರುತ್ತದೆ, ಅಲ್ಲಿ ಒಂದು ಪಾಯಿಂಟ್ ಹೆಚ್ಚು ಇಡಿ. ಅದನ್ನು ಸಪಾಟಾಗಿ ದಾಟಿದರೆ ಬೆರಳು ಪ್ಲಾಸ್ಟಿಕ್‌ನದ್ದಾಗುತ್ತದೆ.

ಈಗ ಸಂದು. ಹೊರಗಿನ ಪಾತ್ ಎಳೆಯುವಾಗ ಗೋಡೆಯ ಬಣ್ಣ ತಪ್ಪಿಸಲು 1 ಪಿಕ್ಸೆಲ್ ಕೈಯ ಒಳಗೆ ಹೋಗುತ್ತೀರಲ್ಲ, ಅದೇ ಅಭ್ಯಾಸದಲ್ಲಿ ಸಂದಿನ ಪಾತನ್ನೂ ಸಂದಿನ ಒಳಗೇ ಎಳೆದರೆ ಸುತ್ತ ಹಸಿರು ಉಂಗುರ ಉಳಿಯುತ್ತದೆ. ಇಲ್ಲಿ ದಿಕ್ಕು ಉಲ್ಟಾ: ಪಾತ್ ಸಂದಿನಿಂದ ಹೊರಕ್ಕೆ, 1 ಪಿಕ್ಸೆಲ್ ಚರ್ಮದ ಮೇಲೆ ಹತ್ತಬೇಕು. 300% ಝೂಮ್‌ನಲ್ಲಿ ಮಾಡಿ. ಇನ್ನೊಂದು ಜಾಗ, ಹೆಬ್ಬೆರಳ ಬುಡ, ತೋರುಬೆರಳು ಮತ್ತು ಡಬ್ಬಿ ಸೇರಿ ಆಗುವ ತ್ರಿಕೋನದ ಮೂಲೆಗಳು. ಮೂಲೆಯ ಕೊನೆಯವರೆಗೂ ಪಾತ್ ಒಯ್ಯಬೇಡಿ. ಅಲ್ಲಿ ಸಂದು ಕಿರಿದಾಗುತ್ತಾ ನೆರಳಿನಲ್ಲಿ ಕರಗಿಹೋಗುತ್ತದೆ. 3000 ಪಿಕ್ಸೆಲ್ ಎತ್ತರದ ಫೋಟೊದಲ್ಲಿ ತುದಿಗೆ 3–4 ಪಿಕ್ಸೆಲ್ ಇರುವಾಗಲೇ ನಿಲ್ಲಿಸಿ, ಮೂಲೆಯನ್ನು ಸ್ವಲ್ಪ ದುಂಡಗೆ ಮಾಡಿ. ಚೂಪಾಗಿ ಬಿಟ್ಟರೆ ಬಿಳಿ ಮೊಳೆ ಹೊಡೆದ ಹಾಗಿರುತ್ತದೆ.

ಪಾತ್‌ಗಳನ್ನು ಸೆಲೆಕ್ಷನ್ ಮಾಡುವ ಕ್ರಮ ಹೀಗೆ. ಮೊದಲು ಕೈ: Make Selection, Feather Radius 0.5, Anti-aliased ಟಿಕ್. ಅದರ ಮೇಲೆ ಡಬ್ಬಿ: Feather 0, Add to Selection. ಕೊನೆಗೆ ಸಂದು: Feather 0.5, Subtract from Selection. ಆಮೇಲೆ ಲೇಯರ್ ಮಾಸ್ಕ್ ಹಾಕಿ. ಡಬ್ಬಿಯ ಆಚೆ ಬದಿಯಿಂದ ಇಣುಕುವ ಬೆರಳ ತುದಿಗಳು ಸಾಮಾನ್ಯವಾಗಿ ಫೋಕಸ್‌ನಿಂದ ಆಚೆ ಇರುತ್ತವೆ. ಅವಕ್ಕೆ 0.5 ಸಾಲದು. ಮಾಸ್ಕ್ ಮೇಲೆ Blur ಟೂಲ್‌ನಿಂದ ಅಂಚನ್ನು ಫೋಟೊದಲ್ಲಿರುವಷ್ಟೇ ಮಬ್ಬು ಮಾಡಿ.

ಇಷ್ಟಾದರೂ ಸಂದಿನ ಒಳಬದಿಯ ಚರ್ಮದ ಮೇಲೆ ಹಸಿರು ಛಾಯೆ ಕಾಣಬಹುದು. ಅದು ಕಟಿಂಗ್ ತಪ್ಪಲ್ಲ, ಗೋಡೆಯ ಬೆಳಕು ಬೆರಳಿನ ಮೇಲೆ ಬಿದ್ದದ್ದು. ಪಾತ್ ಇನ್ನೂ ಒಳಕ್ಕೆ ತಳ್ಳುತ್ತಾ ಹೋದರೆ ಬೆರಳು ಸಣ್ಣಗಾಗುತ್ತದೆಯೇ ಹೊರತು ಹಸಿರು ಹೋಗುವುದಿಲ್ಲ. ಮೇಲೊಂದು ಲೇಯರ್ ಕ್ಲಿಪ್ ಮಾಡಿ, ಬ್ಲೆಂಡ್ ಮೋಡ್ Color ಇಟ್ಟು, ಪಕ್ಕದ ನೆರಳಿನ ಚರ್ಮದಿಂದ ಬಣ್ಣ ತೆಗೆದುಕೊಂಡು 20–30% ಅಪಾಸಿಟಿಯ ಮೆತ್ತನೆ ಬ್ರಶ್‌ನಿಂದ ಸವರಿ. ಬೆಳಕು ಬಿದ್ದ ಕಡೆಯ ಚರ್ಮದ ಬಣ್ಣ ತೆಗೆದುಕೊಳ್ಳಬೇಡಿ, ಸಂದಿನೊಳಗಿನ ಚರ್ಮ ಸಾಮಾನ್ಯವಾಗಿ ಅದಕ್ಕಿಂತ ಕೆಂಪಗಿರುತ್ತದೆ. ಉಗುರಿನ ತುದಿಯಲ್ಲೂ ಇದೇ ತೊಂದರೆ, ಅದು ಅರೆಪಾರದರ್ಶಕ. ಅದಕ್ಕೂ ಇದೇ ಮದ್ದು, ಬಣ್ಣ ಮಾತ್ರ ಉಗುರಿನ ಮಧ್ಯದಿಂದ ತೆಗೆಯಿರಿ.

ಪರೀಕ್ಷೆಗೆ ಬಿಳಿ ಬ್ಯಾಕ್‌ಗ್ರೌಂಡ್ ಸಾಲದು. ತಿಳಿ ಅಂಚುಗಳು ಅದರಲ್ಲಿ ಅಡಗಿಬಿಡುತ್ತವೆ. ಕೆಳಗೆ ಕಡುಬೂದು ಲೇಯರ್ ಇಟ್ಟು 100%ನಲ್ಲಿ ನೋಡಿ, ಆಮೇಲೆ ಬಿಳಿ ಹಾಕಿ. ಕೊನೆಯ ಸೈಜ್‌ಗೆ ಇಳಿಸಿದಾಗ 2 ಪಿಕ್ಸೆಲ್‌ಗಿಂತ ಕಿರಿದಾಗುವ ಸಂದು ಇದ್ದರೆ ಅದನ್ನು ಕತ್ತರಿಸಲೇಬೇಡಿ. ಬಿಳಿ ಚುಕ್ಕೆಯಾಗಿ ಮಿಣುಕುತ್ತದೆ. ಪಕ್ಕದ ನೆರಳಿನ ಬಣ್ಣ ತುಂಬಿ ಮುಚ್ಚಿಬಿಡಿ.